ಊಟದ ತಪಾಸಣೆ ವರದಿ: ಗಂಡು ಮಗು, 7 ವರ್ಷ 2 ತಿಂಗಳು

ತಂದೆ ತಾಯಿಯವರಿಗೆ (ಒಂದು ಪ್ರತಿ ಮಕ್ಕಳ ಡಾಕ್ಟರಿಗೆ)

ಮೊದಲು ಒಂದು ಮಾತು. ಅವನು ಇಷ್ಟು ಕಡಿಮೆ ಬಗೆ ತಿನ್ನುವುದು ಹಟ ಅಲ್ಲ, ನಿಮ್ಮ ಬೆಳೆಸುವಿಕೆಯ ತಪ್ಪೂ ಅಲ್ಲ. ಇದಕ್ಕೆ ಎಆರ್‌ಎಫ್‌ಐಡಿ ಅಂತ ಹೆಸರು, ಅಂದರೆ ಕೆಲವೇ ತಿನಿಸು ಬಿಟ್ಟು ಉಳಿದದ್ದನ್ನು ತಿನ್ನಲಾಗದ ತೊಂದರೆ. ದಪ್ಪಗಾಗುವ ಭಯ ಅವನಿಗಿಲ್ಲ. ವಾಸನೆ, ಬಣ್ಣ, ಮೆತ್ತಗಿರುವುದು, ಇವೇ ಅವನಿಗೆ ತಡೆಯಲಾಗದ್ದು. ನನ್ನೆದುರು ಕೊಟ್ಟ ದೋಸೆಯ ಅಂಚಿನಲ್ಲಿ ಒಂದು ಕಂದು ಚುಕ್ಕೆ ಇತ್ತು. ಅಷ್ಟನ್ನೇ ಉಗುರಿನಿಂದ ಕಿತ್ತು ಪಕ್ಕಕ್ಕಿಟ್ಟು, ಬೆರಳು ಒರೆಸಿಕೊಂಡು, ಆಮೇಲೆ ತಿಂದ.

ಕಳೆದ ವರ್ಷ 11 ಬಗೆ ತಿನ್ನುತ್ತಿದ್ದವನು ಈಗ ಐದಕ್ಕೆ ಬಂದಿದ್ದಾನೆ: ಹಾಲು, ಹಾಲನ್ನ, ಸಾದಾ ದೋಸೆ, ಗ್ಲೂಕೋಸ್ ಬಿಸ್ಕತ್ತು, ಆಲೂ ಚಿಪ್ಸ್. ವಾಂತಿಯಾದ ದಿನ ಬಿಟ್ಟ ಇಡ್ಲಿ ಮತ್ತೆ ಬರಲೇ ಇಲ್ಲ.

ಬೆಳವಣಿಗೆ: ಒಂಬತ್ತು ತಿಂಗಳ ಹಿಂದೆ 113 ಸೆಂ.ಮೀ., 18.4 ಕೆ.ಜಿ. ಈಗ 117 ಸೆಂ.ಮೀ., 18.2 ಕೆ.ಜಿ. ಎತ್ತರ ಚೆನ್ನಾಗಿ ಏರಿದೆ, ತೂಕ ಏರಿಲ್ಲ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ಬಿಎಂಐ 14.4 ಇದ್ದದ್ದು 13.3 ಆಗಿದೆ. ಈ ವಯಸ್ಸಿನ ಹುಡುಗರಿಗೆ ನಡುವಿನ ಗೆರೆ ಸುಮಾರು 15.5. ಹೀಗೇ ಬಿಟ್ಟರೆ ಎತ್ತರವೂ ನಿಧಾನವಾಗುತ್ತದೆ, ಅದೇ ನನ್ನ ಚಿಂತೆ.

ರಕ್ತದಲ್ಲಿ ಹಿಮೋಗ್ಲೋಬಿನ್ 10.4 (11.5 ಇರಬೇಕು), ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ 7. ಕಬ್ಬಿಣ ತೀರಾ ಕಡಿಮೆ. ವಿಟಮಿನ್ ಡಿ ಕೂಡ ಕಡಿಮೆ. ಹಣ್ಣು ತರಕಾರಿ ಸೊನ್ನೆ, ಹಾಗಾಗಿ ವಿಟಮಿನ್ ಸಿ ಬಗ್ಗೆಯೂ ಎಚ್ಚರ. ವಸಡಿನಲ್ಲಿ ರಕ್ತ ಬಂದರೆ ತಿಳಿಸಿ. ಬಿ12, ಥೈರಾಯ್ಡ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ ಸರಿಯಾಗಿವೆ. ಡಾಕ್ಟರ್ ಬರೆದ ಕಬ್ಬಿಣದ ಸಿರಪ್ಪನ್ನು ಹಾಲಿನಲ್ಲಿ ಬೆರೆಸಬೇಡಿ. ಅದು ಮೈಗೆ ಹತ್ತುವುದೂ ಕಡಿಮೆ, ರುಚಿ ಗೊತ್ತಾದರೆ ಹಾಲನ್ನೂ ಬಿಟ್ಟಾನು. ದಿನಕ್ಕೆ 800 ಎಂ.ಎಲ್. ಹಾಲು ಹೊಟ್ಟೆ ತುಂಬಿಸಿಬಿಡುತ್ತದೆ. ಒಮ್ಮೆಲೇ ನಿಲ್ಲಿಸಬೇಡಿ, ಊಟ ಆದ ಮೇಲೆ ಕೊಡಿ.

ಈಗ ಅಭ್ಯಾಸ. ಅವನಿಗೆ ಕುರುಕಲು ಇಷ್ಟ ಅಲ್ವಾ, ಅದಕ್ಕೇ ಗಟ್ಟಿ ಸೀಬೆಕಾಯಿಯಿಂದ ಶುರು ಮಾಡೋಣ. ವಿಟಮಿನ್ ಸಿ ಜಾಸ್ತಿ, ಕಬ್ಬಿಣ ಹೀರಿಕೊಳ್ಳಲೂ ಸಹಾಯ. ವಾರಕ್ಕೆ ಐದು ದಿನ, ಹತ್ತು ನಿಮಿಷ, ಊಟದ ಹೊತ್ತಲ್ಲ. ಮೊದಲು ಮೇಜಿನ ಆ ತುದಿಯಲ್ಲಿ ಸುಮ್ನೆ ಇಡಿ. ಆಮೇಲೆ ಅವನ ತಟ್ಟೆಯ ಪಕ್ಕ. ಅವನೇ ಮುಟ್ಟಲಿ, ಮೂಸಲಿ, ನಾಲಿಗೆಗೆ ತಾಗಿಸಲಿ. ನಂತರ ಕಚ್ಚಿ ಟಿಶ್ಯೂಗೆ ಉಗುಳಲಿ, ಅದೂ ಗೆಲುವೇ. ನುಂಗುವುದು ಕೊನೆಗೆ. ಅವನ ಆತಂಕ ಹತ್ತರಲ್ಲಿ ಮೂರಕ್ಕೆ ಇಳಿದಾಗ ಮಾತ್ರ ಮುಂದಿನ ಮೆಟ್ಟಿಲು. ಒಂದೇ ಮೆಟ್ಟಿಲಲ್ಲಿ ಎರಡು ವಾರ ನಿಂತರೂ ಗಾಬರಿ ಬೇಡ.

ಎರಡನೆಯದು ದೋಸೆ. ಹಿಟ್ಟಿಗೆ ಒಂದು ಟೀ ಚಮಚ ರಾಗಿ ಹಿಟ್ಟು ಬೆರೆಸಿ, ಆದರೆ ಅವನ ಕಣ್ಣೆದುರೇ. ಕದ್ದು ಹಾಕಿದರೆ ನಂಬಿಕೆ ಹೋಗುತ್ತದೆ. ಮಾಮೂಲಿ ದೋಸೆಯೂ ಪಕ್ಕದಲ್ಲಿರಲಿ.

ಅಜ್ಜಿಗೂ ಹೇಳಿ: “ಒಂದೇ ಒಂದು ತುತ್ತು ಕಂದ” ಅನ್ನುವುದು ಪ್ರೀತಿಯ ಮಾತೇ, ಆದರೆ ಅವನ ಗಂಟಲು ಆಗಲೇ ಬಿಗಿಯುತ್ತದೆ.

ತೂಕ 17.8ಕ್ಕೆ ಇಳಿದರೆ, ತಲೆ ಸುತ್ತಿದರೆ, ಈಗ ತಿನ್ನುವ ಐದು ಬಗೆಯಲ್ಲಿ ಒಂದನ್ನು ಬಿಟ್ಟರೆ ಕಾಯದೆ ಬನ್ನಿ. ಇಲ್ಲದಿದ್ದರೆ ಎರಡು ವಾರಕ್ಕೆ ತೂಕ ನೋಡೋಣ. ಬರುವಾಗ ಒಂದು ಸೀಬೆಕಾಯಿ ತನ್ನಿ, ಅವನೇ ಆರಿಸಿದ್ದು.