ಒಬ್ಬರಿಗೆ ಮಾತ್ರ ಪಾಸ್

ನವೆಂಬರ್ 9, ಭಾನುವಾರ

ಸುಧಾ, ರಾತ್ರಿ 8:12: ಪ್ರಸನ್ನ, ನಾನು ಸುಧಾ. ಈ ನಂಬರ್ ಇನ್ನೂ ನಿನ್ನದೇ ಅಂದುಕೊಂಡಿದ್ದೇನೆ. ಅಪ್ಪನಿಗೆ ಶುಕ್ರವಾರ ಶಿವಮೊಗ್ಗದಲ್ಲಿ ಆಂಜಿಯೋಗ್ರಾಂ ಆಯಿತು. ಮೂರು ಕಡೆ ಬ್ಲಾಕ್, ಒಂದರಲ್ಲಿ 90 ಪರ್ಸೆಂಟ್. ಶುಗರ್ ಬೇರೆ ಇದೆ, ಸ್ಟೆಂಟ್ ಬೇಡ, ಬೈಪಾಸ್ ಮಾಡಿಸಿ ಅಂದರು. ಬೆಂಗಳೂರಿನಲ್ಲಿ 19ಕ್ಕೆ ಆಪರೇಷನ್.

ಪ್ರಸನ್ನ, 8:51: ಶುಕ್ರವಾರ ಆಗಿದ್ದನ್ನು ಇವತ್ತು ಹೇಳುತ್ತಿದ್ದೀಯ.

ಸುಧಾ, 8:52: ಅಪ್ಪ ಹೇಳಬೇಡ ಅಂದಿದ್ದ.

ಪ್ರಸನ್ನ, 8:52: ಯಾಕೆ?

ಸುಧಾ, 8:55: ಅದನ್ನು ನೀನೇ ಕೇಳು. ಅವನ ಫೋನ್ ಆನ್ ಇದೆ.

ನವೆಂಬರ್ 10, ಸೋಮವಾರ

ಪ್ರಸನ್ನ, ಬೆಳಿಗ್ಗೆ 7:30: ಅಪ್ಪನ ಜೊತೆ ಮಾತಾಡಿದೆ. ಅಡಿಕೆ ಕೊನೆ ಕೊಯ್ಲು ಮುಗಿಯದೆ ಎಲ್ಲಿಗೂ ಬರಲ್ಲ ಅನ್ನುತ್ತಾನೆ.

ಸುಧಾ, 7:34: ಗೊತ್ತು. ಕೊನೆಗಾರರಿಗೆ ಹೇಳಿ ಆಗಿದೆ, ಗುರುವಾರ ಬರುತ್ತಾರೆ. ಸುಲಿಯುವವರು, ಬೇಯಿಸುವುದು, ಒಣಗಿಸುವುದು ಎಲ್ಲ ನಾನು ನೋಡಿಕೊಳ್ಳುತ್ತೇನೆ. ಹೋದ ವರ್ಷವೂ ನಾನೇ ನೋಡಿದ್ದು.

ಪ್ರಸನ್ನ, 7:36: ದುಡ್ಡು ಎಷ್ಟಾಗುತ್ತದೆ?

ಸುಧಾ, 7:40: ಮೂರೂವರೆ ಲಕ್ಷದ ಹತ್ತಿರ ಅಂದಿದ್ದಾರೆ. ಅಪ್ಪನ ಖಾತೆಯಲ್ಲಿ ಎರಡು ಇದೆ.

ಪ್ರಸನ್ನ, 7:40: ಉಳಿದದ್ದು ನಾನು ಹಾಕುತ್ತೇನೆ.

ಸುಧಾ, 7:48: ಬೇಡ. ಆಮೇಲೆ ಅದನ್ನೂ ಪಾಲಿನ ಲೆಕ್ಕಕ್ಕೆ ಹಿಡಿಯುತ್ತೀಯ.

ಪ್ರಸನ್ನ, 7:49: ಲೆಕ್ಕ ಶುರು ಮಾಡಿದ್ದು ಯಾರು? ಸಬ್ ರಿಜಿಸ್ಟ್ರಾರ್ ಆಫೀಸಿನ ತನಕ ಬಂದು, ಸಾಕ್ಷಿಗಳ ಎದುರಿಗೆ ಸಹಿ ಹಾಕಲ್ಲ ಅಂದಿದ್ದು ಯಾರು?

ಸುಧಾ, 7:57: ಆ ಪತ್ರದಲ್ಲಿ ಏನು ಬರೆದಿದೆ ಅಂತ ನನಗೆ ಅಲ್ಲಿ ತನಕ ಯಾರೂ ಓದಿ ಹೇಳಿರಲಿಲ್ಲ. ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಬರೆಸಿ ತಂದಿದ್ದೆ ನೀನು. 2005ರಿಂದ ಮಗಳಿಗೂ ಸಮಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಬಿಡಿಸಿ ಹೇಳಿತು. ನಾನು ಯಾರ ತೋಟವನ್ನೂ ಕಸಿದುಕೊಂಡಿಲ್ಲ.

ಸುಧಾ, 7:58: ಈಗ ಇದು ಬೇಡ. ಹತ್ತು ಗಂಟೆಗೆ ಡಾಕ್ಟರಿಗೆ ಫೋನ್ ಮಾಡಬೇಕು.

ನವೆಂಬರ್ 12, ಬುಧವಾರ

ಪ್ರಸನ್ನ, ರಾತ್ರಿ 9:05: ಕ್ಲೋಪಿಡೋಗ್ರೆಲ್ ಯಾವತ್ತು ನಿಲ್ಲಿಸಬೇಕು ಅಂತ ಕೇಳಿದೆಯಾ? ಆಪರೇಷನ್‌ಗೆ ಐದು ದಿನ ಮೊದಲು ನಿಲ್ಲಿಸುತ್ತಾರಂತೆ, ಇಲ್ಲದಿದ್ದರೆ ರಕ್ತ ಜಾಸ್ತಿ ಹೋಗುತ್ತದೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವನ ಮಾವನಿಗೂ ಇದೇ ಆಗಿತ್ತು.

ಸುಧಾ, 9:11: ಕೇಳಿದೆ. ನಾಳೆ ಕೊನೆಯದು, 14ರಿಂದ ಇಲ್ಲ. ಆಸ್ಪಿರಿನ್ ಮುಂದುವರಿಸಲು ಹೇಳಿದ್ದಾರೆ. ಶುಗರ್ ಮಾತ್ರೆ ಬದಲು ಅಲ್ಲಿ ಇನ್ಸುಲಿನ್ ಕೊಡುತ್ತಾರೆ.

ಪ್ರಸನ್ನ, 9:12: ಮತ್ತೆ ತಂಬಾಕು?

ಸುಧಾ, 9:15: ಬಿಟ್ಟಿದ್ದೇನೆ ಅಂದ. ಇವತ್ತು ಕೊಟ್ಟಿಗೆಯ ಅಟ್ಟದ ಮೇಲೆ ಕವಳದ ಸಂಚಿ ಸಿಕ್ಕಿತು. ಎಸಳು ಸಮೇತ.

ಪ್ರಸನ್ನ, 9:16: ಅಡಿಕೆ ಚಪ್ಪರದ ಬಲಗಡೆ ಕಂಬದ ಸಂದಿಯನ್ನೂ ನೋಡು. ಅಮ್ಮ ಇದ್ದಾಗ ಅಲ್ಲಿ ಇಡುತ್ತಿದ್ದ.

ಸುಧಾ, 9:31: ಅಲ್ಲೂ ಇತ್ತು.

ನವೆಂಬರ್ 14, ಶುಕ್ರವಾರ

ಸುಧಾ, ಮಧ್ಯಾಹ್ನ 1:20: ರಕ್ತಕ್ಕೆ ನಾಲ್ಕು ಜನ ಬೇಕಂತೆ. ಅದೇ ಗ್ರೂಪ್ ಆಗಬೇಕೆಂದಿಲ್ಲ, ಬದಲಿಗೆ ಕೊಡುವವರು ಇದ್ದರೆ ಸಾಕು. ನಮ್ಮ ಮನೆಯವರಿಗೆ ಬಿ.ಪಿ. ಮಾತ್ರೆ ಇದೆ, ಅವರ ರಕ್ತ ತೊಗೊಳ್ಳುತ್ತಾರೋ ಇಲ್ಲವೋ. ಬೆಂಗಳೂರಿನಲ್ಲಿ ನನಗೆ ಅಷ್ಟು ಜನ ಗೊತ್ತಿಲ್ಲ.

ಪ್ರಸನ್ನ, 1:22: ಅದು ನನಗೆ ಬಿಡು. ಕಾಲೇಜಿನ ಹುಡುಗರು ಮೂರು ಜನ ಸಿಗುತ್ತಾರೆ. ನಾಲ್ಕನೆಯವನು ನಾನು.

ಸುಧಾ, 1:30: ನೀನು ಬರುತ್ತೀಯಾ?

ಪ್ರಸನ್ನ, 1:30: ಪುಣೆಯಿಂದ ಭಾನುವಾರ ಹೊರಡುತ್ತೇನೆ. ಟಿಕೆಟ್ ಆಗಿದೆ.

ಸುಧಾ, 1:44: ಸರಿ. ನಾವು ಅದೇ ರಾತ್ರಿ ಸಾಗರದಿಂದ ರೈಲು. ಅಪ್ಪನಿಗೆ ಕೆಳಗಿನ ಬರ್ತ್ ಸಿಕ್ಕಿದೆ.

ಪ್ರಸನ್ನ, 1:45: ಹಳೆ ರಿಪೋರ್ಟ್ ಎಲ್ಲ ತಾ. 2016ರಲ್ಲಿ ಮಾಡಿಸಿದ ಎಕೋ ಕೂಡ. ಕಬ್ಬಿಣದ ಪೆಟ್ಟಿಗೆಯಲ್ಲಿ ಇರಬೇಕು.

ಸುಧಾ, ರಾತ್ರಿ 10:02: ಎಕೋ ಸಿಕ್ಕಿತು. ಅದೇ ಫೈಲಿನಲ್ಲಿ ಆ ಪತ್ರವೂ ಇತ್ತು. ನನ್ನ ಹೆಸರಿನ ಕೆಳಗೆ ಖಾಲಿ ಇರುವುದು. ಅಪ್ಪ ಅದನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಇಟ್ಟಿದ್ದಾನೆ.

ಸುಧಾ, 10:03: ನೀನು ಕಳಿಸಿದ ಎಲ್ಲ ಮನಿಆರ್ಡರ್ ಚೀಟಿಯೂ ಅದರಲ್ಲೇ ಇದೆ. ನೀನು ದುಡ್ಡು ಕಳಿಸುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಪ್ರಸನ್ನ, 10:20: ಹೇಳಬೇಡ ಅಂದಿದ್ದೆ ಅವನಿಗೆ. ನಿನಗೆ ಗೊತ್ತಾದರೆ ವಾಪಸ್ ಕಳಿಸುತ್ತಿದ್ದೆ.

ಸುಧಾ, 10:21: ಕಳಿಸುತ್ತಿದ್ದೆ.

ಪ್ರಸನ್ನ, 10:26: ಆ ಪತ್ರ ಫೈಲಿಂದ ತೆಗೆದು ಮನೆಯಲ್ಲೇ ಇಟ್ಟು ಬಾ. ಆಸ್ಪತ್ರೆಗೆ ಬೇಡ.

ಸುಧಾ, 10:27: ನಾನು ಅದಕ್ಕೆ ಸಹಿ ಹಾಕುವುದಿಲ್ಲ, ಪ್ರಸನ್ನ. ಯಾವತ್ತೂ.

ಪ್ರಸನ್ನ, 10:27: ಹಾಕು ಅಂತ ಹೇಳುತ್ತಿಲ್ಲ ಅಕ್ಕ.

ನವೆಂಬರ್ 17, ಸೋಮವಾರ

ಪ್ರಸನ್ನ, ಮಧ್ಯಾಹ್ನ 3:10: ಮೂರು ಜನರ ರಕ್ತ ಆಯಿತು. ನನ್ನದು ಆಗಲಿಲ್ಲ. ಹಿಮೋಗ್ಲೋಬಿನ್ 12 ಇದೆ, 12.5 ಇರಲೇಬೇಕಂತೆ. ಬೇರೆ ಹುಡುಗನನ್ನು ಕರೆಸಿದ್ದೇನೆ, ದಾರಿಯಲ್ಲಿದ್ದಾನೆ.

ಸುಧಾ, 3:14: ನೀನು ಊಟ ಸರಿ ಮಾಡುತ್ತಿಲ್ಲ. ಬೆಳಿಗ್ಗೆ ನೋಡಿದ ಕೂಡಲೇ ಅನ್ನಿಸಿತು, ಅಪ್ಪನ ಎದುರು ಹೇಳಲಿಲ್ಲ.

ಪ್ರಸನ್ನ, 3:15: ಅಪ್ಪ ಏನು ಮಾಡುತ್ತಿದ್ದಾನೆ?

ಸುಧಾ, 3:21: ಮೂರು ಉಂಡೆ ಇರುವ ಡಬ್ಬಿ ಕೊಟ್ಟಿದ್ದಾರೆ, ಆಪರೇಷನ್ ಆದಮೇಲೆ ಶ್ವಾಸಕೋಶದಲ್ಲಿ ಕಫ ಕಟ್ಟದ ಹಾಗೆ. ಉಸಿರು ಒಳಗೆ ಎಳೆದು ಉಂಡೆ ಮೇಲೇರಿಸಬೇಕು. ಇವನು ಒಲೆ ಊದಿದ ಹಾಗೆ ಊದುತ್ತಾನೆ. ಸಿಸ್ಟರ್ ಹೇಳಿದರೆ ಕೇಳಲ್ಲ, ನಾನು ಹೇಳಿದರೂ ಕೇಳಲ್ಲ. ನೀನು ಸಂಜೆ ಬಂದು ಹೇಳು.

ಪ್ರಸನ್ನ, ರಾತ್ರಿ 8:40: ಎರಡು ಉಂಡೆ ಏರಿಸಿದ! ನೋಡಿದೆಯಾ?

ಸುಧಾ, 8:41: ಬಾಗಿಲ ಹತ್ತಿರ ನಿಂತು ನೋಡಿದೆ.

ನವೆಂಬರ್ 18, ಮಂಗಳವಾರ

ಸುಧಾ, ಸಂಜೆ 6:15: ಡಾಕ್ಟರ್ ಬಂದಿದ್ದರು. ಎದೆಯ ಮೂಳೆ ಕೊಯ್ದು ತೆರೆಯುತ್ತಾರೆ, ಎಡಗಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುತ್ತಾರೆ. ನಾಲ್ಕರಿಂದ ಆರು ಗಂಟೆ. ಮೂಳೆ ಕೂಡುವುದಕ್ಕೆ ಎರಡು ತಿಂಗಳು ಬೇಕು, ಅಲ್ಲಿ ತನಕ ಭಾರ ಎತ್ತುವ ಹಾಗಿಲ್ಲ. ಅಪಾಯ ಎಷ್ಟು ಅಂತಲೂ ಹೇಳಿದರು. ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ಬೇಕು.

ಪ್ರಸನ್ನ, 6:16: ನೀನು ಹಾಕು.

ಸುಧಾ, 6:19: ಮಗ ಇದ್ದಾನಲ್ಲ ಅಂತ ಅಪ್ಪ ಅನ್ನಬಹುದು.

ಪ್ರಸನ್ನ, 6:23: ಅಂದರೆ ನಾನು ಮಾತಾಡುತ್ತೇನೆ. ಅವನ ಮಾತ್ರೆ, ಶುಗರ್, ನಿದ್ದೆ, ಎಲ್ಲ ಗೊತ್ತಿರುವವಳು ನೀನು. ರಾತ್ರಿ ಅವರು ಫೋನ್ ಮಾಡಿ ಏನಾದರೂ ಕೇಳಿದರೆ ಉತ್ತರ ಹೇಳಬೇಕಾದವಳೂ ನೀನೇ. ಪೂರ್ತಿ ಓದಿ ಹಾಕು. ಅರ್ಥ ಆಗದ್ದು ಇದ್ದರೆ ಫೋಟೋ ಕಳಿಸು.

ಸುಧಾ, 6:50: ಓದಿದೆ. ಹಾಕಿದೆ. ಅಪ್ಪ ಏನೂ ಅನ್ನಲಿಲ್ಲ.

ನವೆಂಬರ್ 19, ಬುಧವಾರ

ಸುಧಾ, ಬೆಳಿಗ್ಗೆ 5:35: ಮಧ್ಯರಾತ್ರಿಯಿಂದ ನೀರೂ ಕೊಟ್ಟಿಲ್ಲ. ಕೂದಲು ತೆಗೆದು ಸ್ನಾನ ಮಾಡಿಸಿದರು. ಹಲ್ಲಿನ ಸೆಟ್ ಡಬ್ಬಿಯಲ್ಲಿದೆ. ಉಂಗುರ ಸೋಪು ಹಚ್ಚಿ ತೆಗೆದೆ. ಜನಿವಾರ ತೆಗೆಯಲು ಮಾತ್ರ ಒಪ್ಪುತ್ತಿಲ್ಲ.

ಪ್ರಸನ್ನ, 5:36: ಫೋನ್ ಅವನಿಗೆ ಕೊಡು.

ಸುಧಾ, 5:44: ಏನು ಹೇಳಿದೆಯೋ, ತೆಗೆದುಕೊಟ್ಟ.

ಪ್ರಸನ್ನ, 5:45: ಮನೆಗೆ ಹೋದಮೇಲೆ ಹೊಸದು ನಾನೇ ಹಾಕಿಸುತ್ತೇನೆ ಅಂದೆ. ಅಂದರೆ ಊರಿಗೆ ಬರುತ್ತೀಯಲ್ಲ ಅಂತ ಕೇಳಿದ. ಬರುತ್ತೇನೆ ಅಂದೆ.

ಸುಧಾ, 5:52: ಏಳಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಮೇಲೆ ಒಬ್ಬರಿಗೆ ಮಾತ್ರ ಪಾಸ್. ನಾನು ಎರಡು ದಿನ ಅವನ ಜೊತೆ ಇದ್ದೆ. ಕೆಳಗೆ ಬಂದು ಪಾಸ್ ಸೆಕ್ಯೂರಿಟಿ ಹತ್ತಿರ ಕೊಡುತ್ತೇನೆ, ನೀನು ಮೇಲೆ ಹೋಗು.

ಪ್ರಸನ್ನ, 5:53: ನೀನು ಎಲ್ಲಿರುತ್ತೀಯ?

ಸುಧಾ, 5:53: ಕ್ಯಾಂಟೀನ್ ಹತ್ತಿರ. ಸುಲಿಯುವವರಿಗೆ ಫೋನ್ ಮಾಡಬೇಕು, ನಿನ್ನೆ ಮೋಡ ಇತ್ತಂತೆ.

ಪ್ರಸನ್ನ, 5:54: ಬೇಯಿಸಿದ್ದನ್ನು ಒಳಗೆ ತೆಗೆದರಾ ಕೇಳು. ಮತ್ತೆ ಇಡ್ಲಿಗೆ ಟೋಕನ್ ತೆಗೆದಿದ್ದೇನೆ, ಕೌಂಟರಿನವನಿಗೆ ನಿನ್ನ ಹೆಸರು ಹೇಳಿದ್ದೇನೆ. ತಿಂದೇ ಫೋನ್ ಮಾಡು.

ಸುಧಾ, 5:55: ಆಯಿತು. ಲಿಫ್ಟ್ ಬಂತು.