ಓಣಿಯ ಬಾವಡಿ ಸಮಿತಿ ವರದಿ, ವಿಜಯಪುರ. ಭಾಗ 7: ಉಪಕಾರ ಸ್ಮರಣೆ

ನಮ್ಮ ಬಾವಡಿ ತಾಜ್ ಬಾವಡಿಯಂಥದಲ್ಲ. 1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಕಟ್ಟಿಸಿದ ಅದನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ. ನಮ್ಮದರ ಕಡೆ ಓಣಿಯವರೇ ತಿರುಗಿ ನೋಡುತ್ತಿರಲಿಲ್ಲ. ಈಗ ಅದರಲ್ಲಿ ಮತ್ತೆ ತಿಳಿನೀರು ನಿಂತಿದೆ. ಅದಕ್ಕೆ ಕಾರಣರಾದವರನ್ನು ಇಲ್ಲಿ ನೆನೆಯುತ್ತೇವೆ.

ಮೊದಲು, ಕೆಳಗೆ ಇಳಿದ ಐದು ಜನ ಕೂಲಿಕಾರರು. ಏಪ್ರಿಲ್ ಬಿಸಿಲಲ್ಲಿ 19 ದಿನ ಹೂಳು ತೆಗೆದರು. 62 ಟ್ರ್ಯಾಕ್ಟರ್ ಹೂಳು ಹೊರಬಿತ್ತು. ಗಾಜಿನ ಚೂರು, ಗಣಪತಿ ಮೂರ್ತಿಗಳ ಕಬ್ಬಿಣದ ಸರಳು, ಹರಿದ ಹಾಸಿಗೆ, ಎಲ್ಲವನ್ನೂ ಕೈಯಿಂದಲೇ ಎತ್ತಿದ್ದಾರೆ. ಒಬ್ಬರ ಅಂಗಾಲಿಗೆ ಸರಳು ಚುಚ್ಚಿ ನಾಲ್ಕು ದಿನ ನಡೆಯಲು ಆಗಲಿಲ್ಲ. ಆ ನಾಲ್ಕು ದಿನದ ಕೂಲಿ, ಐದೂ ಜನರ ಹೆಸರು ಭಾಗ 4ರಲ್ಲಿವೆ. ದಯವಿಟ್ಟು ಆ ಪುಟವನ್ನು ಓದಿ. ಈ ಬಾವಡಿ ಮೊದಲು ಅವರದು.

ದಿನಾ ಮಧ್ಯಾಹ್ನ ರೊಟ್ಟಿ, ಝುಣಕ ಕಳಿಸಿದ ಮನೆಗಳಿಗೆ, ಟೇಪು ಹಿಡಿದು ಪಾವಟಿಗೆಗಳ ಅಳತೆ ಬರೆದುಕೊಂಡ ಪಿಯುಸಿಯ ಇಬ್ಬರು ಹುಡುಗಿಯರಿಗೆ ನಮ್ಮ ವಂದನೆ.

ಇನ್ನು ನಮ್ಮ ಉಪಾಧ್ಯಕ್ಷರಾದ ಗುರುಪಾದಪ್ಪ ಮಾಸ್ತರರು.

ಪ್ರತಿ ಸದಸ್ಯರ ಹೆಸರು, ಅವರು ಮಾಡಿದ ಕೆಲಸ ವರದಿಯಲ್ಲಿ ಬರಬೇಕೆಂದು ಮೊದಲ ಸಭೆಯಲ್ಲೇ ಠರಾವು ಮಾಡಿದ್ದೇವೆ. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ನ್ಯಾಯ ಆಗಬಾರದು, ಅಲ್ವಾ? ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇವೆ. ನಡೆದ ಒಂಬತ್ತು ಸಭೆಗಳಲ್ಲಿ ಮಾಸ್ತರರು ಎರಡಕ್ಕೆ ಬಂದಿದ್ದರು. ಹೂಳೆತ್ತುವುದು, ಪಟ್ಟಿ ಎತ್ತುವುದು, ಲೆಕ್ಕ, ಈ ವರದಿಯ ಬರವಣಿಗೆ, ಇವುಗಳಲ್ಲಿ ಅವರ ಪಾಲಿಲ್ಲ. ಬಾರದಿರಲು ಅವರಿಗೆ ಅವರ ಕಾರಣಗಳಿದ್ದವು. ಅವು ಅವರ ಮನೆಯ ವಿಷಯ. ನಾವು ಕೇಳಲಿಲ್ಲ, ಇಲ್ಲಿ ಬರೆಯುವುದೂ ಇಲ್ಲ.

ಮಾಡಿದ್ದು ಇಷ್ಟು. ಎರಡನೇ ಸಭೆಯಲ್ಲಿ, ಎಲ್ಲರೂ ಏಳುವ ಹೊತ್ತಿಗೆ, ತಾವು ಚಿಕ್ಕವರಿದ್ದಾಗ ಈ ಬಾವಡಿಯಲ್ಲಿ ಈಜುತ್ತಿದ್ದದ್ದನ್ನು ಹೇಳಿದರು. ಪಡುವಣ ಗೋಡೆಯಲ್ಲಿ, ಬೇಸಿಗೆಯಲ್ಲಿ ಮಾತ್ರ ಕಾಣುವ ಒಂದು ಕಲ್ಲಿನ ಬಾಯಿ ಇದೆ, ಅದರೊಳಗೆ ತಲೆ ಹಾಕಿದರೆ ತಣ್ಣನೆ ಗಾಳಿ ಬರುತ್ತಿತ್ತು ಅಂದರು. ಹೂಳು ತೆಗೆದ ಮೇಲೆ ನೋಡಿದರೆ ಬಾಯಿ ಅವರು ಹೇಳಿದ ಕಡೆಯೇ ಇತ್ತು, ಮಣ್ಣಿನಿಂದ ಮುಚ್ಚಿತ್ತು. ಅದು ತೊರವಿ ಕಡೆಯಿಂದ ಊರಿಗೆ ನೀರು ತರುತ್ತಿದ್ದ ಹಳೆಯ ಸುರಂಗಕ್ಕೆ ಸೇರಿದ್ದು ಎಂದು ಓಣಿಯಲ್ಲಿ ಮಾತಿದೆ. ನಮ್ಮ ಹತ್ತಿರ ಅದಕ್ಕೆ ಆಧಾರ ಇಲ್ಲ, ಹಾಗಾಗಿ ವರದಿಯಲ್ಲಿ ಹಾಗೆ ಬರೆದಿಲ್ಲ. ಮಾಸ್ತರರು ಹೇಳದಿದ್ದರೂ ಬಾವಡಿ ಸ್ವಚ್ಛ ಆಗುತ್ತಿತ್ತು. ಆದರೆ ಆ ಗೋಡೆಯನ್ನು ಸಿಮೆಂಟಿನಿಂದ ಮೆತ್ತಿಸಬೇಕು ಎಂಬ ಸೂಚನೆ ನಮ್ಮ ಮುಂದಿತ್ತು. ಅವರ ಮಾತು ಕೇಳಿದ ಮೇಲೆ ಅದನ್ನು ಕೈಬಿಟ್ಟೆವು. ಈ ಒಂದು ಮಾತಿಗೆ ಸಮಿತಿ ಅವರಿಗೆ ಮನಸಾರೆ ಕೃತಜ್ಞವಾಗಿದೆ.

ಕರಡನ್ನು ಅವರ ಮನೆಗೆ ಒಯ್ದು ತೋರಿಸಿದೆವು. ಓದಿ, ಕನ್ನಡಕ ತೆಗೆದು, "ನನ್ನ ಹೆಸರು ಯಾಕ್ರಿ ತಂಗಿ, ನಾ ಏನ್ ಮಾಡೇನಿ?" ಅಂದರು. ತೆಗೆಯಲು ಬರುವುದಿಲ್ಲ ಮಾಸ್ತರ, ಠರಾವು ಆಗಿದೆ ಅಂದೆ. "ಹಂಗಾದ್ರ ಇದ್ದಷ್ಟೇ ಬರೀರಿ, ಜಾಸ್ತಿ ಬ್ಯಾಡ" ಅಂದರು. ಎರಡೇ ಸಭೆ ಎಂಬ ಸಾಲನ್ನು ಅವರು ತಿದ್ದಲಿಲ್ಲ. ಅದರ ಕೆಳಗೇ ಸಹಿ ಮಾಡಿಕೊಟ್ಟರು. ಇಂಥ ಸಹಿ ಹಾಕುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಅದಕ್ಕೂ ಅವರಿಗೆ ಶರಣು.

ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಆ ಬಾಯಿಯ ಮಣ್ಣು ತೆಗೆಸಬೇಕಿದೆ. ಅವತ್ತು ಪಡುವಣ ದಂಡೆಯ ಬೇವಿನ ನೆರಳಲ್ಲಿ ಒಂದು ಕುರ್ಚಿ ಹಾಕಿಸುತ್ತೇವೆ. ಮಾಸ್ತರರು ಬಂದು ಕೂಡಬೇಕು.

ಸಂಚಾಲಕಿ,
ಓಣಿಯ ಬಾವಡಿ ಸಮಿತಿಯ ಪರವಾಗಿ