ಬೆಳ್ಳಕ್ಕಿ ಎಲ್ಲಿ ಮೇಯುತ್ತದೆ? ‘ದೇವರು ರುಜು ಮಾಡಿದನು’ ಕವಿತೆಯ ಪರಿಸರ ಓದು

ತೀರ್ಥಹಳ್ಳಿ ಹತ್ತಿರದ ಸಿಬ್ಬಲುಗುಡ್ಡೆ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಮೀನು. ತುಂಗೆಯ ಆ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ಹೋದವರು ಮಂಡಕ್ಕಿ ಎಸೆದು, ಅವು ಮೇಲೆ ಬರುವುದನ್ನು ನೋಡುತ್ತಾ ನಿಲ್ಲುತ್ತಾರೆ. ಕುವೆಂಪು ಅದೇ ಜಾಗದಲ್ಲಿ ತಲೆ ಎತ್ತಿ ನೋಡಿದರು. ಬೆಳ್ಳಕ್ಕಿಗಳ ಸಾಲು ಅವರಿಗೆ ದೇವರ ರುಜುವಾಗಿ ಕಂಡಿತು.

ಸಾಹಿತ್ಯಕ್ಕೂ ಸುತ್ತಲಿನ ಭೌತಿಕ ಜಗತ್ತಿಗೂ ಇರುವ ಸಂಬಂಧವನ್ನು ಓದುವುದೇ ಪರಿಸರ ವಿಮರ್ಶೆ. ಈ ಹೆಸರನ್ನು 1978ರಲ್ಲಿ ಬಳಕೆಗೆ ತಂದವರು ಅಮೆರಿಕದ ವಿಮರ್ಶಕ ವಿಲಿಯಂ ರೂಕರ್ಟ್. ಈ ಕವಿತೆಗೆ ನಾನು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಮನುಷ್ಯ ಎಲ್ಲಿದ್ದಾನೆ?

ಮೊದಲು ಕ್ರಿಯಾಪದಗಳನ್ನು ನೋಡೋಣ. ಶುರುವಿನಲ್ಲಿ ಆಕಾಶ ‘ಹಿನ್ನೆಲೆಯಾಗಿರೆ’, ತುಂಗೆ ‘ಮೆರೆದಿರೆ’ ಎಂದು ಬರುತ್ತದೆ. ‘ಇರೆ’ ಎಂದಾಗ ವಾಕ್ಯ ಮುಗಿಯುವುದಿಲ್ಲ, ಮುಂದೆ ಏನೋ ಆಗಬೇಕು ಎಂದು ಕಾಯುತ್ತದೆ. ಆಗುವುದು ದೇವರ ರುಜು. ಅಲ್ಲಿಯವರೆಗೆ ನಿಸರ್ಗ ಬರೀ ರಂಗಸಜ್ಜಿಕೆ. ಆಮೇಲೆ ಬರುತ್ತದೆ, ‘ನದಿ ಹರಿದಿತ್ತು, ಬನ ನಿಂತಿತ್ತು’. ಎಷ್ಟು ಚಿಕ್ಕ ವಾಕ್ಯಗಳು! ಈಗ ನದಿ ಯಾರಿಗೂ ಹಿನ್ನೆಲೆಯಲ್ಲ. ಅದು ತನ್ನ ಪಾಡಿಗೆ ಹರಿಯುತ್ತಿದೆ, ಕಾಡು ತನ್ನ ಪಾಡಿಗೆ ನಿಂತಿದೆ. ಕವಿ ನೋಡಲಿ ಬಿಡಲಿ, ಅವಕ್ಕೆ ಒಂದೇ. ಇಡೀ ಕವಿತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಇದು. ಪ್ರತಿ ಸಲ ಓದುವಾಗಲೂ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕವಿಯ ಪಾಲಿಗೆ ಉಳಿದಿರುವುದು ‘ನೋಡಿದನು’ ಎಂಬ ಒಂದೇ ಕೆಲಸ. ಆತ ಬರೆಯುವವನಲ್ಲ, ಓದುವವನು. ಮನುಷ್ಯನನ್ನು ನಿಸರ್ಗದ ಯಜಮಾನನ ಜಾಗದಿಂದ ಇಳಿಸಿ ಸಾಕ್ಷಿಯಾಗಿ ಕೂರಿಸುವುದು ದೊಡ್ಡ ಮಾತೇ. ಆದರೆ ಹಕ್ಕಿಗಳ ಹಂತಿ ದೇವರಿಗೆ ಒಂದು ‘ನೆವ’ ಎಂದೂ ಕವಿತೆ ಹೇಳುತ್ತದೆ. ಆಗ ಹಕ್ಕಿ ಹಕ್ಕಿಯಾಗಿ ಉಳಿಯುತ್ತದೆಯೇ? ತುಂಗೆಯನ್ನು ‘ಜಲಸುಂದರಿ’ ಎಂದಾಗಲೂ ಹಾಗೆಯೇ. ನದಿಗೆ ಹೆಣ್ಣಿನ ರೂಪ ಕೊಟ್ಟು ನೋಡುವ ಕಣ್ಣು ಮನುಷ್ಯನದ್ದೇ ಅಲ್ವಾ?

ನನ್ನನ್ನು ಜಾಸ್ತಿ ತಡೆದು ನಿಲ್ಲಿಸಿದ ಪದ ಬೇರೆ: ‘ನಿರ್ಜನ’. ಈ ಚಿತ್ರದಲ್ಲಿ ಕವಿಯ ಹೊರತು ಜನರೇ ಇಲ್ಲ. ಆದರೆ ರುಜು ಹಾಕಿದ ಬೆಳ್ಳಕ್ಕಿ ಎಲ್ಲಿ ಮೇಯುತ್ತದೆ? ಹೂಟಿಯಾದ ಗದ್ದೆಯಲ್ಲಿ. ನೇಗಿಲ ಹಿಂದೆ, ದನಗಳ ಕಾಲ ಬುಡದಲ್ಲಿ ಎದ್ದ ಹುಳ ಹೆಕ್ಕುತ್ತದೆ. ಆ ಗದ್ದೆಗೆ ಗೊಬ್ಬರ ಬರುವುದು ಕೊಟ್ಟಿಗೆಯಿಂದ. ಕೊಟ್ಟಿಗೆಗೆ ಸೊಪ್ಪು, ದರಗು ಬರುವುದು ಬೆಟ್ಟದಿಂದ. ನಮ್ಮಜ್ಜಿ ಮದುವೆಯಾಗಿ ಬಂದಾಗಿನಿಂದ ಸೊಪ್ಪಿನ ಹೊರೆ ಹೊತ್ತವರು. ಅಂದರೆ ಕವಿತೆಯಲ್ಲಿ ಸುಮ್ನೆ ನಿಂತಂತೆ ಕಾಣುವ ‘ಬನ’ಕ್ಕೂ ಆಕಾಶದ ಆ ಬಿಳಿ ಸಾಲಿಗೂ ನಡುವೆ ಮನುಷ್ಯರ ಕೈ ಇದೆ, ದನದ ಕಾಲಿದೆ. ಮಲೆನಾಡಿನಲ್ಲಿ ಕಾಡು ಒಂದು ಕಡೆ, ಊರು ಇನ್ನೊಂದು ಕಡೆ ಎಂದು ಗೆರೆ ಎಳೆಯುವುದು ಕಷ್ಟ. ‘ನಿರ್ಜನ’ ಎಂಬ ಪದ ಆ ಗೆರೆ ಎಳೆಯುತ್ತದೆ. ಬೆಳ್ಳಕ್ಕಿ ಅದನ್ನು ದಾಟಿ ಹಾರುತ್ತದೆ.

ಇದನ್ನು ಕವಿಯ ತಪ್ಪು ಎಂದು ನಾನು ಹೇಳುತ್ತಿಲ್ಲ. ಕುಪ್ಪಳಿಯಲ್ಲಿ ಬೆಳೆದವರಿಗೆ ಗದ್ದೆ, ಕೊಟ್ಟಿಗೆ ಗೊತ್ತಿರಲಿಲ್ಲವೇ? ಆ ಗಳಿಗೆಯ ಬೆರಗಿಗೆ ಏಕಾಂತ ಬೇಕಿತ್ತು. ಆದರೆ ಇವತ್ತು ಓದುವ ನಾವು ಆ ಏಕಾಂತವನ್ನೇ ನಿಸರ್ಗ ಎಂದುಕೊಂಡರೆ ತೊಂದರೆ ಇದೆ. ಜನರಿಲ್ಲದ ಜಾಗ ಮಾತ್ರ ಕಾಪಾಡಲು ಯೋಗ್ಯ, ಗದ್ದೆ ಹೇಗಾದರೂ ಆಗಲಿ ಎನ್ನುವಂತಾಗುತ್ತದೆ.

ನಮ್ಮೂರಿನಲ್ಲಿ ಆಗುತ್ತಿರುವುದೂ ಅದೇ. ನಾನು ಪ್ರೈಮರಿ ಶಾಲೆಗೆ ಹೋಗುವಾಗ ದಾರಿಯ ಎರಡೂ ಬದಿ ಗದ್ದೆ ಇತ್ತು. ನೆಟ್ಟಿ ಹೊತ್ತಿಗೆ ಬೆಳ್ಳಕ್ಕಿಗಳು ಬದುವಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ಈಗ ಒಂದು ಬದಿ ಪೂರ್ತಿ ಅಡಿಕೆ ತೋಟ. ತೋಟ ಮಾಡಿದವರನ್ನು ದೂರಲಾರೆ. ನಮ್ಮ ಮನೆಯವರೂ ಮಾಡಿದ್ದಾರೆ, ನನ್ನ ಕಾಲೇಜು ಫೀಸು ಕಟ್ಟಿದ್ದು ಅದೇ ಅಡಿಕೆ. ಆದರೂ ಈ ಕವಿತೆಯನ್ನು ಪರಿಸರದ ಕಣ್ಣಿನಿಂದ ಓದಿದ ಮೇಲೆ ‘ರುಜು’ ನನಗೆ ಬರೀ ರೂಪಕವಾಗಿ ಉಳಿದಿಲ್ಲ. ಕಳೆದ ಮಳೆಗಾಲದಲ್ಲಿ ಶಿವಮೊಗ್ಗದಿಂದ ಊರಿಗೆ ಹೋದಾಗ ಉಳಿದ ಗದ್ದೆಯ ಬದುವಿನ ಮೇಲೆ ನಿಂತು ಎಣಿಸಿದೆ. ಹನ್ನೊಂದು ಬೆಳ್ಳಕ್ಕಿ ಇದ್ದವು. ಟಿಲ್ಲರ್ ಹಿಂದೆ ಹುಳ ಹೆಕ್ಕುತ್ತಿದ್ದವು.